ಎಪ್ಪತ್ತು ಸಾಂತ್ವನಗಳಿಗೆ ಮಾರುತ್ತರ

ಸಾವಿನ ಮನೆಗೆ ಬಂದವರಿಗೆ ಉತ್ತರ ಕೊಡಬೇಕೆಂಬ ಕಟ್ಟಳೆ ನಮ್ಮಲ್ಲಿ ಇರಲಿಲ್ಲ. ಬಂದವರು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ನಾಲ್ಕು ಮಾತಾಡಿ, ‘ಬರ್ತೀನಿ’ ಎನ್ನದೆ ಎದ್ದು ಹೋಗುತ್ತಾರೆ. ಮನೆಯವರೂ ‘ಹೋಗಿ ಬನ್ನಿ’ ಎನ್ನುವುದಿಲ್ಲ. ಬಂದದ್ದೇ ಮಾತು, ಕೂತದ್ದೇ ಸಾಂತ್ವನ. ಉತ್ತರಕ್ರಿಯೆಯ ದಿನ ಬಂದು ಉಂಡು ಹೋದರೆ ಆ ಋಣ ಅಲ್ಲಿಗೆ ಸಂದಿತು ಎಂದು ಎರಡೂ ಕಡೆಯವರಿಗೆ ಗೊತ್ತಿರುತ್ತಿತ್ತು.

ಈಗ ಹಾಗಿಲ್ಲ. ಸುದ್ದಿ ವಾಟ್ಸಾಪಿನಲ್ಲಿ ಹೊರಟ ಅರ್ಧ ಗಂಟೆಯೊಳಗೆ ಸಂದೇಶಗಳು ಬರಲು ಶುರುವಾಗುತ್ತವೆ. ಅಮ್ಮನ ತವರಿನ ಗುಂಪು, ಅಪಾರ್ಟ್‌ಮೆಂಟಿನ ಗುಂಪು, ಆಫೀಸಿನವರು, ಕಾಲೇಜಿನ ಗೆಳತಿಯರು, ಹತ್ತು ವರ್ಷದಿಂದ ಮಾತೇ ಇರದಿದ್ದ ಯಾರೋ ಒಬ್ಬರು. ಬರೆದವರಿಗೆ ಬರೆಯದೆ ಇರಲು ಮನಸ್ಸು ಒಪ್ಪುವುದಿಲ್ಲ, ಬರೆಯೋಣವೆಂದರೆ ಎಲ್ಲಿಂದ ಶುರುಮಾಡುವುದೆಂದು ತಿಳಿಯುವುದಿಲ್ಲ. ಹಲವರು ಮೊದಲ ಐದಾರು ಜನಕ್ಕೆ ಉದ್ದವಾಗಿ ಬರೆದು, ಸುಸ್ತಾಗಿ, ಉಳಿದವರಿಗೆ ಕೈಮುಗಿಯುವ ಚಿತ್ರ ಕಳಿಸಿ, ಕೊನೆಗೆ ಯಾರಿಗೆ ಬರೆದೆ ಯಾರಿಗೆ ಬಿಟ್ಟೆ ಎಂದು ಗೊತ್ತಾಗದೆ ಕೈಬಿಡುತ್ತಾರೆ. ಬಿಟ್ಟುಹೋದವರಲ್ಲಿ ಎಷ್ಟೋ ಸಲ ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ಬರೆದವರೇ ಇರುತ್ತಾರೆ. ಅವರ ಕಾಗದ ಉದ್ದವಾಗಿದ್ದರಿಂದ ‘ಇದಕ್ಕೆ ನಿಧಾನವಾಗಿ ಬರೆಯೋಣ’ ಎಂದು ಪಕ್ಕಕ್ಕಿಟ್ಟಿರುತ್ತೇವೆ.

ಎಲ್ಲರಿಗೂ ಹೊಸದಾಗಿ ಬರೆಯಬೇಕಾಗಿಲ್ಲ. ಹಾಗೆಂದು ಎಲ್ಲರಿಗೂ ಒಂದೇ ಕಾಗದ ಕಳಿಸಿದರೂ ಆಗದು. ಮಾರುತ್ತರದಲ್ಲಿ ಎಲ್ಲರಿಗೂ ಸಲ್ಲುವ ಭಾಗ ಯಾವುದು, ಒಬ್ಬರಿಗೇ ಸಲ್ಲುವ ಭಾಗ ಯಾವುದು ಎಂದು ಮೊದಲೇ ಬೇರೆ ಮಾಡಿಕೊಂಡರೆ ಕೆಲಸ ಅರ್ಧಕ್ಕಿಂತ ಹೆಚ್ಚು ಹಗುರಾಗುತ್ತದೆ. ಕನ್ನಡದಲ್ಲಿ ಇದನ್ನು ಮಾಡುವಾಗ ಕೆಲವು ತೊಡಕುಗಳಿವೆ. ಅವನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ತೀರ್ಥಹಳ್ಳಿ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ತೀರಿಕೊಂಡವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೆಂಡತಿ ಊರಿನಲ್ಲಿದ್ದಾರೆ, ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮಗ ದುಬೈಯಲ್ಲಿದ್ದಾನೆ. ಹದಿಮೂರು ದಿನ ಮುಗಿಯುವ ಹೊತ್ತಿಗೆ ಮಗಳ ಫೋನಿನಲ್ಲಿ ಸುಮಾರು 70 ಜನರ ಸಂದೇಶಗಳಿವೆ.

ಮೊದಲ ಕೆಲಸ ಬರೆಯುವುದಲ್ಲ, ಒಂದು ಕಡೆ ಸೇರಿಸುವುದು. ಒಂದು ನೋಟ್‌ಬುಕ್ ಸಾಕು. ಯಾರು, ಯಾವ ದಾರಿಯಲ್ಲಿ ತಿಳಿಸಿದರು, ಅಪ್ಪನನ್ನು ಅವರು ಏನೆಂದು ಕರೆಯುತ್ತಿದ್ದರು, ಅವರು ಬರೆದದ್ದರಲ್ಲಿ ನೆನಪಿಡುವಂಥ ಒಂದು ಮಾತು, ಮನೆಯಲ್ಲಿ ಅವರಿಗೆ ಯಾರು ಉತ್ತರ ಬರೆಯುತ್ತಾರೆ, ಬರೆದಾಯಿತೇ. ಆರು ಕಲಂ. ಮೂರನೆಯ ಕಲಂ ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಐದನೆಯದನ್ನು ಮರೆತರೆ ಅಕ್ಕ ತಮ್ಮ ಇಬ್ಬರೂ ಒಬ್ಬರಿಗೇ ಬರೆದು, ಇನ್ನೊಬ್ಬರಿಗೆ ಇಬ್ಬರೂ ಬರೆಯದೆ ಉಳಿಯುತ್ತಾರೆ.

ಈ ಪಟ್ಟಿಯನ್ನು ಮಗಳೇ ಮಾಡಬೇಕಾಗಿಲ್ಲ. ಮೊದಲ ದಿನಗಳಲ್ಲಿ ಮನೆಯ ಅಳಿಯನೋ, ಚಿಕ್ಕಮ್ಮನ ಮಗನೋ ಫೋನ್ ನೋಡಿಕೊಳ್ಳುತ್ತಿರುತ್ತಾರೆ. ಅವರೇ ಬರೆದಿಡಬಹುದು. ಫೋನಿನಲ್ಲೇ ಗುರುತು ಇಟ್ಟುಕೊಳ್ಳುವುದಾದರೆ ವಾಟ್ಸಾಪಿನಲ್ಲಿ ಓದಿದ ಸಂಭಾಷಣೆಯನ್ನು ಒತ್ತಿ ಹಿಡಿದು Mark as unread ಆರಿಸಿದರೆ, ಓದದ ಸಂದೇಶಕ್ಕೆ ಇರುವಂಥ ಗುರುತು ಅದರ ಮುಂದೆ ಮತ್ತೆ ಬೀಳುತ್ತದೆ. ಉತ್ತರ ಬರೆಯಲು ತೆರೆಯುವವರೆಗೆ ಅದು ಉಳಿದಿರುತ್ತದೆ. ಆದರೆ ಇದು ನಮ್ಮ ಫೋನಿಗೆ ಮಾತ್ರ ಸೀಮಿತ. ಕಳಿಸಿದವರ ಕಡೆ ನೀಲಿ ಗೀಟು ಬಿದ್ದದ್ದು ಬಿದ್ದೇ ಇರುತ್ತದೆ, ನಾವು ಓದಿದ್ದೇವೆಂದು ಅವರಿಗೆ ತಿಳಿದಿರುತ್ತದೆ. ಅದರಿಂದ ಗಾಬರಿಯಾಗಬೇಕಾಗಿಲ್ಲ. ಸಾವಿನ ಮನೆಯಿಂದ ಅದೇ ದಿನ ಉತ್ತರ ಬರಲಿ ಎಂದು ಯಾರೂ ಕಾಯುತ್ತಿರುವುದಿಲ್ಲ. ಉತ್ತರಕ್ರಿಯೆ ಮುಗಿದ ಮೇಲೆ ದಿನಕ್ಕೆ ಎಂಟು ಹತ್ತು ಜನಕ್ಕೆ ಬರೆದರೂ ಒಂದು ವಾರದಲ್ಲಿ ಮುಗಿಯುತ್ತದೆ. ಒಂದೂವರೆ ತಿಂಗಳಾದರೂ ತಪ್ಪಿಲ್ಲ.

ಈಗ ಪಟ್ಟಿಯನ್ನು ವಿಂಗಡಿಸಬೇಕು. ನಮ್ಮ ಉದಾಹರಣೆಯಲ್ಲಿ 30 ಜನ ಗುಂಪುಗಳಲ್ಲಿ ‘ಓಂ ಶಾಂತಿ’ ಎಂದೋ, ಕೈಮುಗಿದ ಚಿತ್ರವನ್ನೋ ಹಾಕಿದ್ದಾರೆ. ಇವರಿಗೆ ಆಯಾ ಗುಂಪಿನಲ್ಲೇ ಒಂದೊಂದು ಉತ್ತರ ಸಾಕು. ಉಳಿದ 40 ಜನ ನೇರವಾಗಿ ಬರೆದವರು. ಅವರಲ್ಲಿ 18 ಜನರದು ಒಂದೆರಡು ಸಾಲಿನ ಸಾಂತ್ವನ. 14 ಜನ ಮೇಷ್ಟ್ರ ಬಗ್ಗೆ ಏನಾದರೊಂದು ನೆನಪು ಬರೆದಿದ್ದಾರೆ. ಉಳಿದ ಎಂಟು ಜನ ಬರೆದದ್ದಕ್ಕಿಂತ ಮಾಡಿದ್ದು ಹೆಚ್ಚು: ಆಸ್ಪತ್ರೆಯಲ್ಲಿ ರಾತ್ರಿ ಕೂತವರು, ಆಂಬುಲೆನ್ಸ್ ಹಿಡಿದು ತಂದವರು, ಹತ್ತು ದಿನ ಅಡುಗೆ ಕಳಿಸಿದ ಪಕ್ಕದ ಮನೆಯವರು. ಈ ಎಂಟು ಜನಕ್ಕೆ ಸಿದ್ಧಪಠ್ಯವನ್ನು ಬಳಸಲೇಬಾರದು. ಫೋನ್ ಮಾಡಬೇಕು, ಆದರೆ ಮನೆಗೆ ಹೋಗಬೇಕು. ಹಾಗಾಗಿ ಸಿದ್ಧಪಠ್ಯದ ಲಾಭ ಸಿಗುವುದು 18 ಮತ್ತು 14 ಸೇರಿ 32 ಜನರ ಉತ್ತರದಲ್ಲಿ. ಎಪ್ಪತ್ತು ಎಂದು ಹೆದರಿಸಿದ್ದ ಲೆಕ್ಕ ಅಷ್ಟಕ್ಕೆ ಇಳಿಯಿತು.

ಸಿದ್ಧಪಠ್ಯವೆಂದರೆ ಅಗೌರವ ಎಂಬ ಅಳುಕು ಕೆಲವರಿಗಿರುತ್ತದೆ. 1963ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮೇಲೆ ಏಳು ವಾರಗಳಲ್ಲಿ ಅವರ ಪತ್ನಿ ಜಾಕ್ವೆಲಿನ್‌ಗೆ ಎಂಟು ಲಕ್ಷಕ್ಕೂ ಹೆಚ್ಚು ಕಾಗದಗಳು ಬಂದವು. 1964ರ ಜನವರಿ 14ರಂದು ಅವರು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ಬರೆದವರೆಲ್ಲರಿಗೂ ಒಟ್ಟಿಗೇ ಕೃತಜ್ಞತೆ ಹೇಳಿದರು. ಕಾಗದಗಳನ್ನು ವಿಂಗಡಿಸಲು ಸ್ವಯಂಸೇವಕರು ಕೂತರು, ಅಚ್ಚಾದ ಕಾರ್ಡುಗಳು ಹೋದವು. ನಮ್ಮಲ್ಲೂ ದಿನಪತ್ರಿಕೆಗಳಲ್ಲಿ ತೀರಿಕೊಂಡವರ ಫೋಟೋ ಹಾಕಿ, ದುಃಖದಲ್ಲಿ ಭಾಗಿಯಾದ ಎಲ್ಲರಿಗೂ ಮನೆಯವರು ಕೃತಜ್ಞತೆ ಹೇಳುವ ಜಾಹೀರಾತು ಬಹಳ ಕಾಲದಿಂದ ಇದೆ. ಎಲ್ಲರಿಗೂ ಸೇರಿ ಒಂದೇ ಮಾತು ಹೇಳಿದರೆ ಯಾರಿಗೂ ಬೇಜಾರಿಲ್ಲ. ಬೇಜಾರಾಗುವುದು, ತನ್ನೊಬ್ಬನಿಗೇ ಬರೆದದ್ದು ಎಂದು ಓದಿಕೊಂಡ ಮಾತು ಪಕ್ಕದವನ ಫೋನಿನಲ್ಲೂ ಅಕ್ಷರ ಬಿಡದೆ ಇರುವುದನ್ನು ಕಂಡಾಗ. ಆದ್ದರಿಂದ ಸಿದ್ಧ ಭಾಗದಲ್ಲಿ ಆಪ್ತತೆಯ ನಟನೆ ಬೇಡ. ಆಪ್ತವಾದದ್ದು ಹೊಸದಾಗಿ ಬರೆಯುವ ಸಾಲಿನಲ್ಲಿ ಬರಲಿ.

ಹಾಗಾದರೆ ಉತ್ತರದ ಅಂಗಗಳು ಮೂರು. ಸಂಬೋಧನೆ, ಅವರಿಗೆ ಮಾತ್ರ ಸಲ್ಲುವ ಒಂದು ಸಾಲು, ಕೊನೆಯಲ್ಲಿ ಎಲ್ಲರಿಗೂ ಸಲ್ಲುವ ಎರಡು ಮೂರು ವಾಕ್ಯಗಳು. ಮೂರನೆಯದನ್ನು ಒಮ್ಮೆ ಬರೆದಿಟ್ಟುಕೊಂಡರಾಯಿತು. ಒಮ್ಮೆ ಎಂದೆನಾದರೂ ಅದನ್ನು ಬರೆಯುವಾಗ ಅರ್ಧ ಗಂಟೆ ಕೂರಬೇಕು, ಏಕೆಂದರೆ ಅದರಲ್ಲಿರುವ ಒಂದು ತಪ್ಪು ಮೂವತ್ತೆರಡು ಕಡೆ ಹೋಗುತ್ತದೆ.

ಮೊದಲ ತೊಡಕು ನೀನು, ನೀವು. ಮೇಷ್ಟ್ರ ಮಗಳು ಬರೆಯಬೇಕಾದವರಲ್ಲಿ ಸೋದರತ್ತೆ ಇದ್ದಾರೆ, ಜೊತೆಯಲ್ಲಿ ಓದಿದ ಗೆಳತಿ ಇದ್ದಾಳೆ, ಆಫೀಸಿನ ಹಿರಿಯರಿದ್ದಾರೆ, ಚಿಕ್ಕಪ್ಪನ ಮಗ ಇದ್ದಾನೆ. ‘ನೀವು ಬರೆದಿರಿ’ ಎಂಬ ಸಾಲು ಗೆಳತಿಗೆ ಹೋದರೆ ಅವಳು ‘ಯಾಕೆ ಹೀಗೆ ಪರಕೀಯಳ ಹಾಗೆ ಬರೆದಿದ್ದಾಳೆ’ ಎಂದುಕೊಳ್ಳುತ್ತಾಳೆ. ‘ನೀನು ಬರೆದೆ’ ಎಂಬುದು ಕೈತಪ್ಪಿ ಸೋದರತ್ತೆಗೆ ಹೋದರೆ ಕೇಳುವುದೇ ಬೇಡ. ಎರಡು ಪ್ರತಿ ಮಾಡಿಟ್ಟುಕೊಳ್ಳುವುದು ಒಂದು ದಾರಿ. ಅದಕ್ಕಿಂತ ಸುಲಭವಾದದ್ದು, ಸಿದ್ಧ ಭಾಗದಲ್ಲಿ ಸರ್ವನಾಮವೇ ಬಾರದಂತೆ ಬರೆಯುವುದು. ಕನ್ನಡದಲ್ಲಿ ಇದು ಸಹಜವಾಗಿ ಆಗುತ್ತದೆ:

‘ಬರೆದ ಮಾತುಗಳನ್ನು ಓದಿದೆ. ಇಂಥ ಹೊತ್ತಿನಲ್ಲಿ ನಮ್ಮ ಮನೆಯನ್ನು ನೆನೆದದ್ದು ನಮಗೆಲ್ಲ ಧೈರ್ಯ ಕೊಟ್ಟಿದೆ. ಅಮ್ಮ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾರೆ.’

ಈ ಮೂರು ವಾಕ್ಯಗಳಲ್ಲಿ ನೀನು ಇಲ್ಲ, ನೀವು ಇಲ್ಲ. ಓದುವವರು ಹಿರಿಯರಾದರೆ ಅವರಿಗೆ ಸಲ್ಲುತ್ತದೆ, ಕಿರಿಯರಾದರೆ ಅವರಿಗೂ ಸಲ್ಲುತ್ತದೆ. ಗಂಡಸು ಹೆಂಗಸು ಎಂಬ ಭೇದವೂ ಬರುವುದಿಲ್ಲ. ಗೌರವದ ಅಳತೆಯನ್ನು ತೋರಿಸುವ ಕೆಲಸ ಸಂಬೋಧನೆ ಮತ್ತು ಹೊಸ ಸಾಲಿಗೆ ಬಿಟ್ಟದ್ದು.

‘ಧನ್ಯವಾದಗಳು’ ಎಂದು ಇದರಲ್ಲಿ ಇಲ್ಲದಿರುವುದನ್ನು ಗಮನಿಸಿರಬಹುದು. ಆಫೀಸಿನವರಿಗೆ ಆ ಮಾತು ಸೇರಿಸಿದರೆ ಚೆನ್ನ. ಆದರೆ ಅಪ್ಪ ಹೋದ ಮೇಲೆ ಸೋದರತ್ತೆ ಅತ್ತುಕೊಂಡು ಬರೆದದ್ದಕ್ಕೆ ‘ಧನ್ಯವಾದಗಳು’ ಎಂದು ಬರೆದರೆ ಅವರನ್ನು ಮನೆಯಿಂದ ಹೊರಗೆ ನಿಲ್ಲಿಸಿದ ಹಾಗಾಗುತ್ತದೆ. ಅವರದೂ ಅದೇ ದುಃಖ. ಅಣ್ಣನನ್ನು ಕಳೆದುಕೊಂಡವರು ಅವರು. ಮನೆಯವರಿಗೆ ಬರೆಯುವಾಗ ‘ನಮಗೆ ಧೈರ್ಯವಾಯಿತು’, ‘ಮನಸ್ಸಿಗೆ ಸಮಾಧಾನವಾಯಿತು’ ಎಂಬ ಮಾತುಗಳೇ ಸರಿ ಎಂದು ನನ್ನ ಅನಿಸಿಕೆ.

ಎರಡನೆಯ ತೊಡಕು ತೀರಿಕೊಂಡವರನ್ನು ಏನೆಂದು ಕರೆಯುವುದು. ಮಗಳಿಗೆ ಅವರು ಅಪ್ಪ. ಸೋದರತ್ತೆಗೆ ಅಣ್ಣ, ಚಿಕ್ಕಪ್ಪನ ಮಗನಿಗೆ ದೊಡ್ಡಪ್ಪ, ಅಮ್ಮನ ತಮ್ಮನಿಗೆ ಭಾವ, ಊರಿಗೆಲ್ಲ ಮೇಷ್ಟ್ರು. ನೋಟ್‌ಬುಕ್ಕಿನ ಮೂರನೆಯ ಕಲಂ ಇದಕ್ಕಾಗಿ. ಸಿದ್ಧ ಭಾಗದಲ್ಲಿ ‘ಅಪ್ಪ’ ಎಂದೇ ಇರಲಿ, ಬರೆಯುತ್ತಿರುವುದು ಮಗಳು ತಾನೇ. ಹೊಸದಾಗಿ ಬರೆಯುವ ಸಾಲಿನಲ್ಲಿ ಮಾತ್ರ ಓದುವವರು ಕರೆಯುತ್ತಿದ್ದ ಹೆಸರನ್ನು ಬಳಸಬೇಕು. ಹಳೆಯ ವಿದ್ಯಾರ್ಥಿಗೆ ‘ನಿಮ್ಮ ಮೇಷ್ಟ್ರು’, ಚಿಕ್ಕಪ್ಪನ ಮಗನಿಗೆ ‘ದೊಡ್ಡಪ್ಪ’. ಆ ಒಂದು ಪದದಿಂದಲೇ ಈ ಉತ್ತರ ತನಗಾಗಿ ಬರೆದದ್ದು ಎಂದು ಅವರಿಗೆ ಗೊತ್ತಾಗುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಸಂಗತಿ ಕ್ರಿಯಾಪದದ್ದು. ಎಷ್ಟೋ ಮನೆಗಳಲ್ಲಿ ಅಪ್ಪನನ್ನು ಏಕವಚನದಲ್ಲೇ ಕರೆಯುತ್ತಾರೆ, ‘ಅಪ್ಪ ಹೇಳ್ತಿದ್ದ’ ಎನ್ನುತ್ತಾರೆ. ಅದರಲ್ಲಿ ಪ್ರೀತಿಯಿದೆ. ಆದರೆ ‘ಮೇಷ್ಟ್ರು ನಿಮ್ಮ ಬಗ್ಗೆ ಹೇಳುತ್ತಿದ್ದರು’ ಎಂದು ಬರೆದ ಮರುಸಾಲಿನಲ್ಲೇ ಸಿದ್ಧಪಠ್ಯದ ‘ಅಪ್ಪ ಹೋದ’ ಎಂದು ಬಂದರೆ ಎರಡು ತುಂಡು ಹೊಲಿದದ್ದು ಕಾಣುತ್ತದೆ. ಸಿದ್ಧ ಭಾಗದಲ್ಲಿ ‘ಅಪ್ಪ ತೀರಿಕೊಂಡರು’ ಎಂದು ಬಹುವಚನವನ್ನೇ ಇಟ್ಟುಕೊಳ್ಳುವುದು ಕ್ಷೇಮ. ಮಾತಿನ ಮಟ್ಟವೂ ಹಾಗೆಯೇ. ‘ದೈವಾಧೀನರಾದರು’ ಎಂದು ಕೊನೆಯಲ್ಲಿ ಬರುವುದಾದರೆ ಮೇಲಿನ ಸಾಲನ್ನು ಆಡುಮಾತಿನಲ್ಲಿ ಬರೆದರೆ ಹೊಂದುವುದಿಲ್ಲ. ಸಾವನ್ನು ಹೇಳುವ ಪದ ಮನೆಯ ಸಂಪ್ರದಾಯದ ಮೇಲೂ ಹೋಗುತ್ತದೆ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾದರು ಎನ್ನುತ್ತಾರೆ, ಶಿವಗಣಾರಾಧನೆ ಎನ್ನುತ್ತಾರೆ. ಇನ್ನು ಕೆಲವರ ಮನೆಯಲ್ಲಿ ವೈಕುಂಠ ಸಮಾರಾಧನೆ. ಬೇರೆಯವರಿಗೆ ಬಂದಿದ್ದ ಉತ್ತರವನ್ನು ಮಾದರಿಯಾಗಿ ಇಟ್ಟುಕೊಂಡು ಬರೆಯುವವರು ಈ ಪದಗಳನ್ನು ಹಾಗೆಯೇ ಉಳಿಸಿ ಪೇಚಿಗೆ ಸಿಕ್ಕುವುದುಂಟು.

ಮೂರನೆಯದು ಹೆಸರು. ಹೆಸರು ತುಂಬುವ ಜಾಗವನ್ನು ವಾಕ್ಯದ ನಡುವೆ ಬಿಡಬಾರದು. ಕನ್ನಡದ ಹೆಸರಿಗೆ ವಿಭಕ್ತಿ ಅಂಟುತ್ತದೆ, ಒಂದೊಂದು ಹೆಸರಿಗೆ ಒಂದೊಂದು ಥರ. ಅಕಾರದಲ್ಲಿ ಮುಗಿಯುವ ಹೆಸರಿಗೆ ‘ನಿಗೆ’ ಬಂದರೆ ಇಕಾರಕ್ಕೆ ‘ಗೆ’ ಬರುತ್ತದೆ. ಖಾಲಿ ಜಾಗದಲ್ಲಿ ಬರೀ ಹೆಸರು ತುಂಬಿದರೆ ಬ್ಯಾಂಕಿನ ನೋಟಿಸಿನ ಹಾಗೆ ಓದಿಸುತ್ತದೆ. ಹೆಸರು ಮೊದಲ ಸಾಲಿನ ಸಂಬೋಧನೆಯಲ್ಲಿ ಮಾತ್ರ ಇರಲಿ. ಅಲ್ಲೂ ಅದು ಅವರನ್ನು ಎದುರಿಗೆ ಕರೆಯುವ ಹಾಗೆಯೇ ಇರಲಿ. ಎದುರಿಗೆ ‘ಅತ್ತೆ’ ಎನ್ನುವವರನ್ನು ಕಾಗದದಲ್ಲಿ ಹೆಸರು ಹಿಡಿದು ‘ಅವರೇ’ ಎಂದು ಬರೆಯಬಾರದು.

ಇನ್ನು ಸಿದ್ಧಪಠ್ಯದಲ್ಲಿ ಏನಿರಬಾರದು ಎಂಬುದು. ಎಲ್ಲರ ವಿಷಯದಲ್ಲೂ ನಿಜವಲ್ಲದ ವಾಕ್ಯ ಅದರಲ್ಲಿ ಇರಬಾರದು. ‘ನಿಮ್ಮ ಸಂದೇಶವನ್ನು ಅಮ್ಮನಿಗೂ ಓದಿ ಹೇಳಿದೆ’ ಎಂಬುದು ಚಂದದ ಮಾತು. ಮೂವತ್ತೆರಡು ಜನಕ್ಕೆ ಅದು ಹೋದರೆ ಮೂವತ್ತೆರಡನ್ನೂ ಓದಿ ಹೇಳಿರಬೇಕು. ಅವರಲ್ಲೊಬ್ಬರು ಮುಂದೆ ಅಮ್ಮನನ್ನು ಕಂಡಾಗ ‘ನಾನು ಬರೆದದ್ದು ಓದಿ ಹೇಳಿದರಂತಲ್ಲ’ ಎಂದು ಮಾತು ತೆಗೆದೇ ತೆಗೆಯುತ್ತಾರೆ, ಅಮ್ಮ ಏನೂ ತಿಳಿಯದೆ ಮುಖ ನೋಡುತ್ತಾರೆ. ‘ಓದಿ ಕಣ್ಣು ತುಂಬಿ ಬಂತು’, ‘ನಿಮ್ಮನ್ನು ಅಪ್ಪ ಯಾವಾಗಲೂ ನೆನೆಯುತ್ತಿದ್ದರು’ ಎಂಬಂಥವೂ ಹಾಗೆಯೇ. ನಿಜವಾಗಿದ್ದವರಿಗೆ ಹೊಸ ಸಾಲಿನಲ್ಲಿ ಬರೆಯಬೇಕು. ‘ಸಂದೇಶ ಓದಿದೆ’ ಎಂಬುದು ಎಲ್ಲರ ವಿಷಯದಲ್ಲೂ ನಿಜ. ‘ಧೈರ್ಯ ಕೊಟ್ಟಿದೆ’ ಎಂಬುದೂ ನಿಜ. ಇನ್ನು ‘ಮನೆಗೆ ಬನ್ನಿ’ ಎಂದು ಮುಗಿಸುವ ನಮ್ಮ ಎಂದಿನ ಅಭ್ಯಾಸವನ್ನು ಹಿರಿಯರಿಗೆ ಬರೆಯುವಾಗ ಬಿಡುವುದು ಒಳ್ಳೆಯದು. ಅಂಥ ಮನೆಯಿಂದ ಹಾಗೆ ಕರೆಯುವುದಿಲ್ಲ ಎಂಬ ಭಾವನೆ ಅನೇಕರಲ್ಲಿ ಇನ್ನೂ ಇದೆ.

ಈಗ ಹೊಸ ಸಾಲು. ಇದನ್ನು ಎಲ್ಲಿಂದ ತರುವುದು ಎಂಬಲ್ಲಿ ಜನ ನಿಂತುಬಿಡುತ್ತಾರೆ. ತಮ್ಮ ತಲೆಯಿಂದ ಹೊಸದೇನನ್ನೋ ಹುಡುಕಲು ಹೋಗುತ್ತಾರೆ, ದಣಿದ ಮನಸ್ಸಿಗೆ ಅದು ಹೊಳೆಯುವುದಿಲ್ಲ. ಹುಡುಕಬೇಕಾದ ಜಾಗ ಅವರು ಬರೆದ ಸಂದೇಶ. ಅದರೊಳಗೆ ಒಂದು ವಸ್ತು, ಒಂದು ಜಾಗ, ಒಂದು ಘಟನೆ ಇದ್ದೇ ಇರುತ್ತದೆ. ಅದನ್ನು ಎತ್ತಿಕೊಂಡು ಅದರ ಬಗ್ಗೆ ನಮಗೆ ಗೊತ್ತಿರುವ ಒಂದು ಮಾತನ್ನು ಕೂಡಿಸಿ ಹಿಂದಿರುಗಿಸಿದರೆ ಸಾಲು ಆಯಿತು.

ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಹೀಗೆ ಬರೆದಿದ್ದಾರೆ ಎನ್ನೋಣ: ‘ಮೇಡಂ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀಸು ಕಟ್ಟಲು ನಮ್ಮ ಮನೆಯಲ್ಲಿ ದುಡ್ಡಿರಲಿಲ್ಲ. ಮೇಷ್ಟ್ರು ಯಾರಿಗೂ ಹೇಳದೆ ಕಟ್ಟಿದರು. ನಾನು ಇಂದು ಈ ಕುರ್ಚಿಯಲ್ಲಿ ಕೂತಿರುವುದಕ್ಕೆ ಅವರೇ ಕಾರಣ. ಅವರ ಆತ್ಮಕ್ಕೆ ಶಾಂತಿ ಸಿಗಲಿ.’ ಇಲ್ಲಿ ಎತ್ತಿಕೊಳ್ಳಬೇಕಾದದ್ದು ಫೀಸು. ಕುರ್ಚಿಯನ್ನೂ ಆತ್ಮಶಾಂತಿಯನ್ನೂ ಬಿಡಬಹುದು. ಮಗಳ ಉತ್ತರ ಹೀಗಾಗುತ್ತದೆ:

‘ನಮಸ್ಕಾರ ಸಾರ್. ಮೇಷ್ಟ್ರು ನಿಮ್ಮ ಫೀಸು ಕಟ್ಟಿದ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಿಮ್ಮಿಂದಲೇ ತಿಳಿಯಿತು. ಅಮ್ಮನಿಗೆ ಹೇಳಿದಾಗ, ಆ ತಿಂಗಳು ಸಂಬಳದಲ್ಲಿ ಕಡಿಮೆ ಯಾಕೆ ಬಂತು ಎಂದು ತಾನು ಕೇಳಿದ್ದು ನೆನಪಾಯಿತು ಎಂದರು. ಬರೆದ ಮಾತುಗಳನ್ನು ಓದಿದೆ. ಇಂಥ ಹೊತ್ತಿನಲ್ಲಿ ನಮ್ಮ ಮನೆಯನ್ನು ನೆನೆದದ್ದು ನಮಗೆಲ್ಲ ಧೈರ್ಯ ಕೊಟ್ಟಿದೆ. ಅಮ್ಮ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾರೆ.’

ಓದಿ ನೋಡಿದರೆ ಒಂದು ಹೊಲಿಗೆ ಬಿಗಿಯಾಗಿಲ್ಲ. ಫೀಸಿನ ಬಗ್ಗೆ ಅಷ್ಟು ಬರೆದ ಮೇಲೆ ‘ಬರೆದ ಮಾತುಗಳನ್ನು ಓದಿದೆ’ ಎಂಬ ವಾಕ್ಯ ದಂಡ. ಅಮ್ಮನ ಮಾತು ಮೊದಲೇ ಬಂದಿರುವುದರಿಂದ ಕೊನೆಯ ವಾಕ್ಯವೂ ಬೇಕಿಲ್ಲ. ಆ ಎರಡನ್ನು ತೆಗೆದು, ನಡುವಿನದೊಂದನ್ನು ಉಳಿಸಿಕೊಂಡರೆ ಸರಿಹೋಗುತ್ತದೆ. ಹಾಗಾಗಿ ನೆನಪು ಬರೆದ 14 ಜನಕ್ಕೆ ಸಿದ್ಧ ಭಾಗ ಒಂದೇ ವಾಕ್ಯಕ್ಕೆ ಇಳಿಯುತ್ತದೆ, ಒಂದೆರಡು ಸಾಲು ಬರೆದ 18 ಜನಕ್ಕೆ ಮೂರೂ ವಾಕ್ಯ ಹೋಗುತ್ತವೆ. ಅವರ ಸಂದೇಶದಲ್ಲಿ ಎತ್ತಿಕೊಳ್ಳಲು ಏನೂ ಇಲ್ಲದಿದ್ದರೆ ಅವರ ಊರನ್ನೋ, ಅವರ ಮನೆಯವರನ್ನೋ ವಿಚಾರಿಸುವ ಒಂದು ಸಾಲು ಸಾಕು. ‘ಅತ್ತೆಯ ಮಂಡಿನೋವು ಹೇಗಿದೆ’ ಎಂದು ಕೇಳಿದರೂ ಆಯಿತು. ಸಾಂತ್ವನದ ಉತ್ತರದಲ್ಲಿ ಸಾಂತ್ವನದ ಮಾತೇ ತುಂಬಿರಬೇಕೆಂದೇನಿಲ್ಲ.

ಇನ್ನೊಂದು ಸಿದ್ಧ ವಾಕ್ಯ ಬೇಕೇ ಬೇಕು. ‘ಏನಾಗಿತ್ತು?’ ಎಂಬ ಪ್ರಶ್ನೆಗೆ ಉತ್ತರ. ಹತ್ತರಲ್ಲಿ ಮೂರು ನಾಲ್ಕು ಜನವಾದರೂ ಇದನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಆಸ್ಪತ್ರೆಯ ಕಥೆಯನ್ನು ಮೊದಲಿನಿಂದ ಬರೆಯುತ್ತ ಹೋದರೆ ಆ ರಾತ್ರಿಯನ್ನು ಮತ್ತೆ ಮತ್ತೆ ಕಳೆದ ಹಾಗೆ. ಜೊತೆಗೆ ಒಬ್ಬರಿಗೆ ಹೇಳಿದ ವಿವರ ಇನ್ನೊಬ್ಬರಿಗೆ ಹೇಳಿದ್ದಕ್ಕಿಂತ ಬೇರೆಯಾದರೆ ಬಂಧುಗಳಲ್ಲಿ ಅದೇ ಚರ್ಚೆಯಾಗುತ್ತದೆ. ಮನೆಯವರೆಲ್ಲ ಒಟ್ಟಿಗೆ ಕೂತು ಎಷ್ಟು ಹೇಳುವುದು ಎಂದು ತೀರ್ಮಾನಿಸಿ, ಎರಡು ಸಾಲು ಬರೆದು ಎಲ್ಲರೂ ಅದನ್ನೇ ಬಳಸಬೇಕು. ‘ಕೆಲವು ತಿಂಗಳಿಂದ ಹೃದಯದ ತೊಂದರೆ ಇತ್ತು. ಶನಿವಾರ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡರು, ಅಮ್ಮ ಜೊತೆಯಲ್ಲಿದ್ದರು.’ ಇದಕ್ಕಿಂತ ಹೆಚ್ಚು ಕೇಳಿದವರಿಗೆ ‘ಸಿಕ್ಕಾಗ ಹೇಳುತ್ತೇನೆ’ ಎಂದರೆ ಸಾಕು. ‘ವಯಸ್ಸಾಗಿತ್ತಲ್ಲ ಬಿಡಿ’, ‘ಬೇರೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು’ ಎಂದು ಬರೆದವರಿಗೂ ಸಿದ್ಧಪಠ್ಯ ಬಹಳ ಉಪಕಾರಿ. ನೋವಾದ ಹೊತ್ತಿನಲ್ಲಿ ಹೊಸದಾಗಿ ಬರೆಯಲು ಹೋದರೆ ಮಾತು ಮೀರುತ್ತದೆ. ಅವರಿಗೆ ಮೂರು ವಾಕ್ಯವನ್ನು ಹಾಗೆಯೇ ಕಳಿಸಿ ಮುಂದಕ್ಕೆ ಹೋಗಬೇಕು.

ಸಿದ್ಧಪಠ್ಯವನ್ನು ಎಲ್ಲಿಟ್ಟುಕೊಳ್ಳುವುದು? ವಾಟ್ಸಾಪಿನಲ್ಲಿ ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಅನುಕೂಲವಿದೆ. ಅಲ್ಲಿ ಹಾಕಿಟ್ಟು ಬೇಕಾದಾಗ ನಕಲು ಮಾಡಿ ಅಂಟಿಸಬಹುದು. ಫಾರ್ವರ್ಡ್ ಮಾಡುವುದು ಬೇಡ. ನಡುವೆ ಸಾಲು ಸೇರಿಸಲು ಅದರಲ್ಲಿ ಆಗುವುದಿಲ್ಲ. ಅಂಟಿಸುವುದೂ ಬೇಸರವೆನಿಸಿದರೆ ಕೀಬೋರ್ಡಿನಲ್ಲೇ ಒಂದು ಗುಟ್ಟಿನ ಅಕ್ಷರ ಇಟ್ಟುಕೊಳ್ಳಬಹುದು. ಐಫೋನಿನಲ್ಲಿ Settings, General, Keyboard, Text Replacement ಎಂಬಲ್ಲಿ ಹೋಗಿ ವಾಕ್ಯವನ್ನೂ ಅದಕ್ಕೊಂದು ಸಂಕ್ಷಿಪ್ತ ರೂಪವನ್ನೂ ಕೊಟ್ಟರೆ, ಆ ಸಂಕ್ಷಿಪ್ತ ರೂಪ ಟೈಪ್ ಮಾಡಿದೊಡನೆ ಇಡೀ ವಾಕ್ಯ ಬರುತ್ತದೆ. ಆಂಡ್ರಾಯ್ಡ್ ಫೋನಿನ ಜಿಬೋರ್ಡಿನಲ್ಲಿ Personal dictionary ಎಂಬಲ್ಲಿ ಇದೇ ಕೆಲಸವಾಗುತ್ತದೆ. ಅಲ್ಲಿ ಪದಕೋಶ ಒಂದೊಂದು ಭಾಷೆಗೆ ಬೇರೆ ಬೇರೆ ಇರುವುದರಿಂದ ಕನ್ನಡದ ಕೀಲಿಮಣೆಯಲ್ಲಿ ಬರೆಯುವವರು ಕನ್ನಡದ ಅಡಿಯಲ್ಲೇ ಸೇರಿಸಬೇಕು. ಸಂಕ್ಷಿಪ್ತ ರೂಪ ಮಾತಿನ ನಡುವೆ ಬಾರದಂಥದ್ದಾಗಿರಲಿ. ‘ಅಪ್ಪ’ ಎಂದು ಇಟ್ಟುಕೊಂಡರೆ ಆ ಪದ ಬರೆದಾಗೆಲ್ಲ ಪೂರ್ತಿ ಪಠ್ಯ ಎದ್ದು ಬರುತ್ತದೆ.

ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ಕೆಲವರು ಇದಕ್ಕೆ ಬಳಸುತ್ತಾರೆ. ಒಂದೇ ಸಲ ಕಳಿಸಿದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂದೇಶವಾಗಿ ಹೋಗುತ್ತದೆ ಎಂಬುದು ಅದರ ಆಕರ್ಷಣೆ. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳಲ್ಲಿ ಮಗಳ ನಂಬರ್ ಉಳಿಸಿಕೊಂಡವರು ಎಷ್ಟಿದ್ದಾರು? ತಲುಪದವರ ಬಗ್ಗೆ ಎಚ್ಚರಿಕೆಯೂ ಬರುವುದಿಲ್ಲ, ಒಂದೇ ಗೀಟು ನೋಡಿ ನಾವೇ ಊಹಿಸಬೇಕು. ಉತ್ತರಕ್ರಿಯೆಯ ದಿನ, ಜಾಗ ತಿಳಿಸಲು ಅದು ಸರಿ, ಉತ್ತರ ಬರೆಯಲು ಸಲ್ಲದು.

ಗುಂಪುಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮೂವತ್ತು ಕೈಮುಗಿದ ಚಿತ್ರಗಳ ನಡುವೆ ಒಬ್ಬರು ನಾಲ್ಕು ಸಾಲು ನಿಜವಾದ ನೆನಪು ಬರೆದಿರುತ್ತಾರೆ. ಗುಂಪಿಗೆ ಹಾಕಿದ ಒಟ್ಟು ಉತ್ತರದಲ್ಲಿ ಅವರೂ ಸೇರಿಹೋಗಿಬಿಡುತ್ತಾರೆ. ಆ ಸಂದೇಶದ ಮೇಲೆ ಒತ್ತಿದರೆ ಬರುವ Reply privately ಆರಿಸಿಕೊಂಡರೆ ಅವರ ಮಾತು ಮೇಲೆ ಕಾಣುವಂತೆ ಅವರೊಬ್ಬರಿಗೇ ಬರೆಯಬಹುದು. ಅವರ ಹೆಸರು ಗುಂಪಿನ ಸಾಲಿನಿಂದ ನೆನಪಿನವರ ಸಾಲಿಗೆ ಹೋಗಲಿ.

ಕಳಿಸುವ ಮುನ್ನ ಪೂರ್ತಿ ಸಂದೇಶವನ್ನು ಓದಬೇಕಾಗಿಲ್ಲ, ಸಿದ್ಧ ಭಾಗ ಹೇಗೂ ತಿದ್ದಿದ್ದೇ. ನೋಡಬೇಕಾದದ್ದು ಎರಡು ಜಾಗ: ಸಂಬೋಧನೆ, ಮತ್ತು ಹೊಸ ಸಾಲು ಮುಗಿದು ಸಿದ್ಧ ಭಾಗ ಶುರುವಾಗುವ ಕಡೆ. ತಪ್ಪುಗಳೆಲ್ಲ ಬಹುತೇಕ ಅಲ್ಲೇ ಇರುತ್ತವೆ. ಹಿಂದಿನವರಿಗೆ ಬರೆದ ‘ಅತ್ತೆ’ ಈಗ ಆಫೀಸಿನ ಹಿರಿಯರ ಸಂದೇಶದ ನೆತ್ತಿಯ ಮೇಲೆ ಉಳಿದಿರುತ್ತದೆ. ಹಿಂದಿನ ಉತ್ತರವನ್ನೇ ನಕಲು ಮಾಡಿ ತಿದ್ದುವವರಿಗೆ ಇದು ಆಗುತ್ತದೆ. ಯಾವಾಗಲೂ ಮೂಲ ಪ್ರತಿಯಿಂದಲೇ ನಕಲು ಮಾಡಿದರೆ ಈ ಅಪಾಯವೇ ಇಲ್ಲ. ಗಂಡ ಹೆಂಡತಿ ಬೇರೆ ಬೇರೆಯಾಗಿ ಬರೆದಿದ್ದರೆ ಇಬ್ಬರಿಗೂ ಸೇರಿ ಒಂದೇ ಉತ್ತರ ಬರೆಯುವುದು ಚೆನ್ನ. ಸಂಜೆ ಒಂದೇ ಸೋಫಾದಲ್ಲಿ ಕೂತು ಇಬ್ಬರೂ ಒಂದೇ ವಾಕ್ಯ ಓದುವುದು ತಪ್ಪುತ್ತದೆ. ಇಂಗ್ಲಿಷಿನಲ್ಲಿ ಬರೆದವರಿಗೆ ಇಂಗ್ಲಿಷಿನಲ್ಲೇ ಉತ್ತರ ಹೋಗಲಿ. ಅದಕ್ಕೆ ಬೇರೆ ಸಿದ್ಧಪಠ್ಯ ಬರೆದುಕೊಳ್ಳಬೇಕು. ಕನ್ನಡದ್ದನ್ನು ಅನುವಾದ ಮಾಡಿದರೆ ಎರಡು ಭಾಷೆಗೂ ಒಗ್ಗುವುದಿಲ್ಲ.

ತಡವಾದವರಿಗೆ ಬರೆಯುವಾಗ ತಡದ ಕಾರಣವನ್ನು ವಿವರಿಸುತ್ತ ಮೊದಲ ಮೂರು ಸಾಲು ಕಳೆಯಬಾರದು. ‘ಈಗ ಬರೆಯಲು ಆಯಿತು’ ಎಂದು ಒಂದು ಮಾತು ಸಾಕು, ಕಾರಣ ಅವರಿಗೆ ಗೊತ್ತಿದೆ. ಮೂರು ತಿಂಗಳ ಮೇಲೆ ಸುದ್ದಿ ತಿಳಿದು ಬರೆಯುವವರೂ ಇರುತ್ತಾರೆ. ಮೇಷ್ಟ್ರ ಹಳೆಯ ಸಹೋದ್ಯೋಗಿ ಯಾರದೋ ಮದುವೆಯಲ್ಲಿ ವಿಷಯ ತಿಳಿದು, ಗಾಬರಿಯಿಂದ ಬರೆಯುತ್ತಾರೆ. ಆ ಹೊತ್ತಿಗೆ ‘ಅಮ್ಮ ಚೇತರಿಸಿಕೊಳ್ಳುತ್ತಿದ್ದಾರೆ’ ಎಂಬ ಸಾಲು ಹಳತಾಗಿರುತ್ತದೆ, ಅದನ್ನು ಬದಲಿಸಿಕೊಳ್ಳಬೇಕು. ಅವರಿಗೆ ತಾವು ತಡವಾದೆವು ಎಂಬ ಸಂಕಟವೇ ದೊಡ್ಡದಾಗಿರುವುದರಿಂದ ಸುದ್ದಿ ತಿಳಿಸಲು ಆಗದಿದ್ದುದು ನಮ್ಮ ಕಡೆಯಿಂದ ಎಂದು ಮೊದಲು ಬರೆದುಬಿಡುವುದು ಒಳ್ಳೆಯದು. ಅವರ ಹೆಸರನ್ನೂ ನೋಟ್‌ಬುಕ್ಕಿನ ಕೊನೆಯಲ್ಲಿ ಸೇರಿಸಿಕೊಳ್ಳಬೇಕು. ವರ್ಷಾಂತಿಕಕ್ಕೆ ಯಾರಿಗೆಲ್ಲ ತಿಳಿಸಬೇಕು ಎಂದು ಕೂತಾಗ ಅದೇ ಪಟ್ಟಿ ಬೇಕಾಗುತ್ತದೆ.